ಕೈಯಿಂದ ಹಾಕಿದ ನಮೂದುಗಳು

2002ರ ಮೇ ತಿಂಗಳು. ಅಮೆರಿಕದ ಮಿಸಿಸಿಪಿ ರಾಜ್ಯದ ಕ್ಲಿಂಟನ್ ಎಂಬ ಸಣ್ಣ ಊರು. ವರ್ಲ್ಡ್‌ಕಾಮ್ ಎಂಬ ದೈತ್ಯ ದೂರವಾಣಿ ಕಂಪನಿಯ ಮುಖ್ಯ ಕಚೇರಿ ಅಲ್ಲೇ ಇತ್ತು. ಅದರ ಆಂತರಿಕ ಲೆಕ್ಕ ಪರಿಶೋಧನಾ ವಿಭಾಗದ ಜೀನ್ ಮೋರ್ಸ್, ಕಂಪನಿಯ ಗಣಕೀಕೃತ ಲೆಕ್ಕದಿಂದ ಜರ್ನಲ್ ನಮೂದುಗಳನ್ನು ಹೊರತೆಗೆದು ಒಂದೊಂದಾಗಿ ನೋಡುತ್ತಿದ್ದರು. ಹಗಲು ಹೊತ್ತಿನಲ್ಲಿ ಅಷ್ಟು ಮಾಹಿತಿ ಎಳೆದರೆ ಸರ್ವರ್ ನಿಧಾನವಾಗಿ ಲೆಕ್ಕ ವಿಭಾಗದವರಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಅವರು ರಾತ್ರಿ ಕೆಲಸ ಮಾಡಿದರು. ಹೀಗೆ ಹುಡುಕುವಾಗ ಅವರ ಕಣ್ಣಿಗೆ ಬಿದ್ದದ್ದು 50 ಕೋಟಿ ಡಾಲರಿನ ಒಂದು ನಮೂದು. ಕಂಪ್ಯೂಟರ್ ವೆಚ್ಚ ಎಂದು ಬರೆದಿತ್ತು. ಆಧಾರಕ್ಕೆ ಒಂದು ಬಿಲ್ಲೂ ಇರಲಿಲ್ಲ.

ಅವರ ಮೇಲಧಿಕಾರಿ ಸಿಂಥಿಯಾ ಕೂಪರ್ ಆ ಎಳೆಯನ್ನು ಹಿಡಿದು ಹೋದರು. ಬೇರೆ ಕಂಪನಿಗಳ ತಂತಿಯ ಮೇಲೆ ಕರೆ ಸಾಗಿಸಲು ವರ್ಲ್ಡ್‌ಕಾಮ್ ಬಾಡಿಗೆ ಕೊಡುತ್ತಿತ್ತು. ಅದು ಆಯಾ ತಿಂಗಳ ಖರ್ಚು. ಆದರೆ ತ್ರೈಮಾಸಿಕ ಮುಗಿದು ಲಾಭ ಸಾಲದು ಎಂದು ಗೊತ್ತಾದ ಮೇಲೆ, ಆ ಖರ್ಚಿನ ಒಂದು ಪಾಲನ್ನು ಜರ್ನಲ್ ನಮೂದಿನಿಂದ ಎತ್ತಿ ಆಸ್ತಿ ಖಾತೆಗೆ ಸಾಗಿಸಲಾಗುತ್ತಿತ್ತು. ತಿಂಗಳ ಬಾಡಿಗೆ ಕಟ್ಟಿ, ಲೆಕ್ಕದಲ್ಲಿ ಮನೆ ಕೊಂಡೆ ಎಂದು ಬರೆದ ಹಾಗೆ. 2001ರಲ್ಲಿ 305.5 ಕೋಟಿ ಡಾಲರ್, 2002ರ ಮೊದಲ ಮೂರು ತಿಂಗಳಲ್ಲಿ 79.7 ಕೋಟಿ ಡಾಲರ್ ಹೀಗೆ ಜಾಗ ಬದಲಿಸಿತ್ತು ಎಂದು ಕಂಪನಿ 2002ರ ಜೂನ್ 25ರಂದು ಒಪ್ಪಿಕೊಂಡಿತು. ಮುಂದಿನ ತಿಂಗಳೇ ಅದು ದಿವಾಳಿ ಅರ್ಜಿ ಹಾಕಿತು.

ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ನೆನೆಯುವುದಕ್ಕೆ ಕಾರಣವಿದೆ. ಅಲ್ಲಿ ಕಳ್ಳ ಬಿಲ್ ಇರಲಿಲ್ಲ, ಸುಳ್ಳು ಗ್ರಾಹಕ ಇರಲಿಲ್ಲ. ಬಾಡಿಗೆ ನಿಜ, ಪಾವತಿಯೂ ನಿಜ. ಸುಳ್ಳಾಗಿದ್ದದ್ದು ಕೈಯಿಂದ ಹಾಕಿದ ಕೆಲವೇ ನಮೂದುಗಳು ಮಾತ್ರ.

ಇಂದು ನಮ್ಮಲ್ಲಿ ಮಧ್ಯಮ ಗಾತ್ರದ ಕಾರ್ಖಾನೆಗಳೂ ಇಆರ್‌ಪಿ ತಂತ್ರಾಂಶದಲ್ಲಿ ಲೆಕ್ಕ ಇಡುತ್ತವೆ. ಖರೀದಿ, ಉಗ್ರಾಣ, ಮಾರಾಟ, ಸಂಬಳ, ಲೆಕ್ಕ ಎಲ್ಲವೂ ಒಂದೇ ಕಡೆ. ಉಗ್ರಾಣದವರು ಮಾಲು ಬಂತೆಂದು ದಾಖಲಿಸಿದರೆ ಲೆಕ್ಕದ ನಮೂದು ತಾನಾಗಿಯೇ ಬೀಳುತ್ತದೆ. ಅದರ ಹಿಂದೆ ಖರೀದಿ ಆದೇಶ ಇರುತ್ತದೆ, ಮಾಲಿನ ರಸೀದಿ ಇರುತ್ತದೆ, ಮುಂದೆ ಬಿಲ್ ಬಂದಾಗ ಮೂರನ್ನೂ ಯಂತ್ರವೇ ತಾಳೆ ನೋಡುತ್ತದೆ. ಆದರೆ ಪ್ರತಿ ಲೆಕ್ಕದ ಮನೆಗೂ ಒಂದು ಹಿತ್ತಲ ಬಾಗಿಲಿದೆ. ಅದೇ ಜರ್ನಲ್ ವೋಚರ್, ಕಚೇರಿಯ ಮಾತಿನಲ್ಲಿ ಜೆವಿ. ತಪ್ಪು ತಿದ್ದಲು, ಬಾಕಿ ವೆಚ್ಚಕ್ಕೆ ಅವಕಾಶ ಮಾಡಲು ಅದು ಬೇಕೇ ಬೇಕು. ಆದರೆ ಅಲ್ಲಿ ಯಾವ ಖಾತೆಗೆ ಡೆಬಿಟ್, ಯಾವುದಕ್ಕೆ ಕ್ರೆಡಿಟ್ ಎಂದು ತೀರ್ಮಾನಿಸುವುದು ಮನುಷ್ಯ.

ಪೀಣ್ಯದಲ್ಲಿ ಒಂದು ಬಿಡಿಭಾಗ ಕಾರ್ಖಾನೆ ಇದೆಯೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 4 ಲಕ್ಷ ವೋಚರುಗಳು, ಅವುಗಳಲ್ಲಿ ಕೈಯಿಂದ ಹಾಕಿದ ಜೆವಿಗಳು 10,000. ಹತ್ತು ಲಕ್ಷ ರೂಪಾಯಿ ಮೀರಿದ ಜೆವಿಗೆ ಹಣಕಾಸು ವ್ಯವಸ್ಥಾಪಕರ ಒಪ್ಪಿಗೆ ಬೇಕೆಂಬುದು ಅಲ್ಲಿನ ನಿಯಮ.

ಪರಿಶೋಧಕರು ಮೊದಲು ಮಾಡಬೇಕಾದ ಕೆಲಸ ಬಹಳ ಸಪ್ಪೆಯದು, ಬಹಳ ಮಂದಿ ಬಿಡುವುದೂ ಅದನ್ನೇ. ಕೈಗೆ ಬಂದ ಮಾಹಿತಿ ಪೂರ್ಣವಾಗಿದೆಯೇ ಎಂದು ನೋಡುವುದು. ಪ್ರತಿ ಖಾತೆಯ ಆರಂಭದ ಶಿಲ್ಕಿಗೆ ವರ್ಷದ ಎಲ್ಲ ನಮೂದುಗಳನ್ನು ಕೂಡಿ ಕಳೆದರೆ ಟ್ರಯಲ್ ಬ್ಯಾಲೆನ್ಸಿನ ಕೊನೆಯ ಶಿಲ್ಕು ಬರಬೇಕು. ಒಂದು ಖಾತೆಯಲ್ಲಿ ತಾಳೆಯಾಗದಿದ್ದರೂ ಯಾವುದೋ ವೋಚರ್ ನಮ್ಮ ಕೈಗೆ ಬಂದಿಲ್ಲವೆಂದೇ ಅರ್ಥ. ಲೆಕ್ಕ ವಿಭಾಗದವರು ಸೋಸಿ ಕೊಟ್ಟ ಎಕ್ಸೆಲ್ ಹಾಳೆಯ ಮೇಲೆ ಪರಿಶೋಧನೆ ಮಾಡಿದರೆ ಅವರು ತೋರಿಸಿದ್ದನ್ನಷ್ಟೇ ನೋಡಿದಂತೆ. ವರ್ಲ್ಡ್‌ಕಾಮ್‌ನ ಹೊರಗಿನ ಪರಿಶೋಧಕರು ಗಣಕೀಕೃತ ಲೆಕ್ಕವನ್ನು ನೇರವಾಗಿ ನೋಡಲು ಅವಕಾಶ ಕೇಳಿದ್ದರು, ಕಂಪನಿ ಕೊಟ್ಟಿರಲಿಲ್ಲ. ಕೂಪರ್ ತಂಡ ಗೆದ್ದದ್ದು ಆ ಮಾಹಿತಿ ಅವರ ಕೈಗೆ ನೇರವಾಗಿ ಸಿಕ್ಕಿದ್ದರಿಂದ.

ಮುಂದಿನ ಪ್ರಶ್ನೆ, ಹತ್ತು ಸಾವಿರದಲ್ಲಿ ಯಾವುದನ್ನು ನೋಡುವುದು? ಹಳೆಯ ಪದ್ಧತಿ, ಚೀಟಿ ಎತ್ತಿದಂತೆ 60 ವೋಚರುಗಳನ್ನು ತೆಗೆಯುವುದು. ನಮ್ಮ ಕಾರ್ಖಾನೆಯಲ್ಲಿ ಐದು ಜೆವಿಗಳು ಕೆಟ್ಟವು ಎಂದಿಟ್ಟುಕೊಳ್ಳಿ. ಆ 60ರಲ್ಲಿ ಅವುಗಳ ಪೈಕಿ ಒಂದಾದರೂ ಬೀಳುವ ಸಾಧ್ಯತೆ ನೂರಕ್ಕೆ ಮೂರು ಮಾತ್ರ. ಉಳಿದ 97 ಸಲ ಪರಿಶೋಧಕರು ‘ಎಲ್ಲ ಸರಿಯಿದೆ’ ಎಂದು ಪ್ರಾಮಾಣಿಕವಾಗಿಯೇ ಬರೆದು ಹೋಗುತ್ತಾರೆ. ಮುಚ್ಚಿಟ್ಟ ನಮೂದನ್ನು ಹುಡುಕಲು ಚೀಟಿ ಎತ್ತುವುದು ತಪ್ಪು ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಬೇಕಾದದ್ದು ಜರಡಿ.

ಜರಡಿಯ ಮೊದಲ ಕಣ್ಣು ಖಾತೆಗಳ ಜೋಡಿ. ಆಸ್ತಿಗೆ ಡೆಬಿಟ್, ಖರ್ಚಿಗೆ ಕ್ರೆಡಿಟ್ ಆಗಿರುವ ಜೆವಿಗಳು ಯಾವುವು? ಇದು ವರ್ಲ್ಡ್‌ಕಾಮ್ ಜೋಡಿ. ಸಹಜ ವ್ಯವಹಾರದಲ್ಲಿ ಅಪರೂಪ. ನಮ್ಮ ಕಾರ್ಖಾನೆಯಲ್ಲಿ 140 ಸಿಕ್ಕವು ಎನ್ನೋಣ. ಎರಡನೆಯದು ದಿನಾಂಕ. ಸ್ಯಾಪ್ ತಂತ್ರಾಂಶದಲ್ಲಿ ವೋಚರಿನ ತಲೆಭಾಗದ ವಿವರಗಳು BKPF ಎಂಬ ಕೋಷ್ಟಕದಲ್ಲಿ ಇರುತ್ತವೆ. ಅಲ್ಲಿ BUDAT ಎಂದರೆ ನಮೂದು ಯಾವ ದಿನದ ಲೆಕ್ಕಕ್ಕೆ ಸೇರಿತು, CPUDT ಎಂದರೆ ನಿಜವಾಗಿ ಯಾವ ದಿನ ಕೀಲಿಮಣೆಯಲ್ಲಿ ಒತ್ತಲಾಯಿತು. ಮೊದಲನೆಯದನ್ನು ಮನುಷ್ಯ ಆರಿಸಿ ಹಾಕುತ್ತಾನೆ, ಎರಡನೆಯದನ್ನು ಯಂತ್ರ ಬರೆದುಕೊಳ್ಳುತ್ತದೆ. ಮಾರ್ಚ್ 31ರ ಲೆಕ್ಕಕ್ಕೆ ಸೇರಿ, ಏಪ್ರಿಲ್ 10ರ ನಂತರ ಒತ್ತಿದವನ್ನು ಮಾತ್ರ ಉಳಿಸಿಕೊಂಡರೆ 31 ಉಳಿದವು. ಅವುಗಳಲ್ಲಿ ವಿವರಣೆಯ ಜಾಗ ಖಾಲಿ ಇರುವಂಥವು, ಇಲ್ಲವೇ ‘ಮಾತಾಡಿದಂತೆ’ ಎಂದಷ್ಟೇ ಬರೆದವು ಒಂಬತ್ತು.

ಈ ಒಂಬತ್ತೂ ಕಳ್ಳ ನಮೂದುಗಳಲ್ಲ ಎಂಬುದನ್ನು ಒತ್ತಿ ಹೇಳಬೇಕು. ವರ್ಷಾಂತ್ಯದ ಹೊಂದಾಣಿಕೆಗಳು ಏಪ್ರಿಲಿನಲ್ಲೇ ಬೀಳುವುದು ಸಹಜ. ನಾಲ್ಕನ್ನು ಬಿಚ್ಚಿ ನೋಡಿದರೆ, ಹೊಸ ಯಂತ್ರ ಕೂರಿಸಿದ ಕೂಲಿಯನ್ನು ತಪ್ಪಾಗಿ ದುರಸ್ತಿ ಖಾತೆಗೆ ಬರೆದಿದ್ದನ್ನು ಸರಿಪಡಿಸಿದ್ದು ಕಂಡಿತು. ಯಂತ್ರದ ಖರೀದಿ ಆದೇಶವಿದೆ, ಗುತ್ತಿಗೆದಾರನ ಬಿಲ್ ಇದೆ, ನೆಲದ ಮೇಲೆ ಯಂತ್ರವೂ ಇದೆ. ಮುಗಿಯಿತು. ವೇಳೆಯ ವಿಷಯದಲ್ಲೂ ಆತುರ ಬೇಡ. ರಾತ್ರಿ ಹನ್ನೊಂದಕ್ಕೆ ಹಾಕಿದ ನಮೂದುಗಳನ್ನು ಹುಡುಕಿ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಕಂಪನಿಯ ಸರ್ವರ್ ಜರ್ಮನಿಯ ಗಡಿಯಾರಕ್ಕೆ ಹೊಂದಿಕೊಂಡಿದ್ದರೆ, ಚಳಿಗಾಲದಲ್ಲಿ ಬೆಂಗಳೂರಿನ ರಾತ್ರಿ ಹನ್ನೊಂದು ಅಲ್ಲಿ ಸಂಜೆ ಆರೂವರೆ ಎಂದು ದಾಖಲಾಗಿರುತ್ತದೆ. ಯಂತ್ರದ ಗಡಿಯಾರ ಯಾವ ಊರಿನದೆಂದು ಕೇಳದೆ ಯಾರ ಮೇಲೂ ಅನುಮಾನ ಪಡಬಾರದು.

ಉಳಿದ ಐದು ಬೇರೆ ಕಥೆ ಹೇಳಿದವು. ಪ್ರತಿಯೊಂದೂ 9,60,000 ರೂಪಾಯಿ. ಒಂದೇ ದಿನ, ಏಪ್ರಿಲ್ 11ರಂದು, ಒಬ್ಬರೇ ಒತ್ತಿದ್ದು. ದುರಸ್ತಿ ಖಾತೆಯಿಂದ ನಿರ್ಮಾಣ ಹಂತದ ಆಸ್ತಿ ಖಾತೆಗೆ ಒಟ್ಟು 48 ಲಕ್ಷ. ಯಾವ ಆಸ್ತಿ ಎಂದು ಕೇಳಿದರೆ ಆಸ್ತಿಯ ಸಂಖ್ಯೆ ಇಲ್ಲ, ಬಂಡವಾಳ ವೆಚ್ಚದ ಮಂಜೂರಾತಿ ಇಲ್ಲ. ದುರಸ್ತಿ ಖಾತೆಯಲ್ಲಿದ್ದ ಮೂಲ ಬಿಲ್ಲುಗಳನ್ನು ತೆಗೆಸಿದರೆ ಶೆಡ್ಡಿಗೆ ಬಳಿದ ಬಣ್ಣ, ಯಂತ್ರಕ್ಕೆ ಹಾಕಿದ ಎಣ್ಣೆ, ವಾರ್ಷಿಕ ನಿರ್ವಹಣೆ ಗುತ್ತಿಗೆ. ಅಂದರೆ ಆ ವರ್ಷದ ಲಾಭ 48 ಲಕ್ಷದಷ್ಟು ಹೆಚ್ಚು ತೋರಿಸಲಾಗಿದೆ. ಬಣ್ಣದವರಿಗೆ, ಎಣ್ಣೆಯವರಿಗೆ ಹಣ ಸಂದಿರುವುದರಿಂದ ಬ್ಯಾಂಕ್ ತಾಳೆಯಲ್ಲಿ ಏನೂ ಕಾಣುವುದಿಲ್ಲ.

ನಿಯಂತ್ರಣದ ಪರೀಕ್ಷೆ ಇಲ್ಲಿಗೆ ಬರುತ್ತದೆ. ಹತ್ತು ಲಕ್ಷ ಮೀರಿದ ಜೆವಿಗಳಲ್ಲಿ ಈಗ ಧಾರಾಳವಾಗಿ ಚೀಟಿ ಎತ್ತಬಹುದು. ಒಂದು ನಿಯಮ ವರ್ಷವಿಡೀ ಒಂದೇ ಸಮನೆ ನಡೆಯಿತೇ ಎಂದು ತಿಳಿಯಲು ಆ ಪದ್ಧತಿ ತಕ್ಕದ್ದು. 60 ವೋಚರ್ ತೆಗೆದು, ಅರವತ್ತಕ್ಕೂ ಒಪ್ಪಿಗೆ ಇದ್ದರೆ, ನಿಯಮ ತಪ್ಪಿದ ಪ್ರಮಾಣ ನೂರಕ್ಕೆ ಐದನ್ನು ಮೀರಿಲ್ಲವೆಂದು 95ರಷ್ಟು ಭರವಸೆಯಿಂದ ಹೇಳಬಹುದು. ಒಪ್ಪಿಗೆ ಎಂದರೆ ಕಾಗದದ ಮೇಲಿನ ಸಹಿ ಅಷ್ಟೇ ಅಲ್ಲ. ಜೆವಿಯನ್ನು ಮೊದಲು ಒಬ್ಬರು ತಾತ್ಕಾಲಿಕವಾಗಿ ಉಳಿಸಿಟ್ಟು ಇನ್ನೊಬ್ಬರು ಲೆಕ್ಕಕ್ಕೆ ಸೇರಿಸುವ ಪದ್ಧತಿ ಇರುವಲ್ಲಿ, ಉಳಿಸಿದವರ ಹೆಸರು PPNAM, ಸೇರಿಸಿದವರ ಹೆಸರು USNAM ಎಂಬ ಕಡೆ ಇರುತ್ತದೆ. ಎರಡೂ ಒಂದೇ ಹೆಸರಾದರೆ, ಅಥವಾ ಮೊದಲನೆಯದು ಖಾಲಿಯಾದರೆ, ಎರಡನೆಯ ಕಣ್ಣು ಅದನ್ನು ನೋಡಿತೆಂಬುದಕ್ಕೆ ಯಂತ್ರದಲ್ಲಿ ಸಾಕ್ಷಿಯಿಲ್ಲ.

ನಮ್ಮ ಕಾರ್ಖಾನೆ ಈ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗುತ್ತದೆ! ಹತ್ತು ಲಕ್ಷ ಮೀರಿದ ಎಲ್ಲ ಜೆವಿಗೂ ಒಪ್ಪಿಗೆ ಇದೆ. ಆ ಐದು ನಮೂದುಗಳು ನಿಯಮ ಮುರಿಯಲಿಲ್ಲ, ನಿಯಮದ ಕೆಳಗೆ ನುಸುಳಿದವು. ನಿಯಂತ್ರಣ ಚೆನ್ನಾಗಿ ನಡೆಯುತ್ತಿದೆಯೇ ಎನ್ನುವುದು ಒಂದು ಪ್ರಶ್ನೆ, ಅದು ಸರಿಯಾದ ಜಾಗದಲ್ಲಿದೆಯೇ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಕಾದರೆ, ಒಬ್ಬರೇ ಒಂದೇ ದಿನ ಒಂದೇ ಜೋಡಿ ಖಾತೆಗೆ ಹಾಕಿದ ಮೊತ್ತಗಳನ್ನು ಕೂಡಿ ನೋಡಬೇಕು. ಮಿತಿಗಿಂತ ತುಸು ಕೆಳಗೆ, ಒಂಬತ್ತರಿಂದ ಹತ್ತು ಲಕ್ಷದ ನಡುವೆ, ವೋಚರುಗಳ ಗುಂಪು ಕಟ್ಟಿದೆಯೇ ಎಂದು ಎಣಿಸಬೇಕು. ತಿದ್ದುಪಡಿಯೂ ಅಲ್ಲೇ ಇದೆ. ಮೊತ್ತ ಎಷ್ಟೇ ಇರಲಿ, ಖರ್ಚಿನಿಂದ ಆಸ್ತಿಗೆ ಹೋಗುವ ಪ್ರತಿ ಜೆವಿಯೂ ಎರಡನೆಯವರ ಕೈ ದಾಟಲಿ.

ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ಬದಲಾವಣೆಯ ಜಾಡನ್ನು ದಿನಾಂಕ ಸಮೇತ ಇಟ್ಟುಕೊಳ್ಳಬೇಕು, ಅದನ್ನು ನಿಷ್ಕ್ರಿಯಗೊಳಿಸಲು ಬರಕೂಡದು ಎಂಬ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಜಾಡು ಇಡುವುದು ಯಂತ್ರ, ಹಿಡಿದು ಹೋಗಬೇಕಾದವರು ಮನುಷ್ಯರು. ನಮ್ಮ ಉದಾಹರಣೆಯ ಐದು ನಮೂದುಗಳೂ ಆ ಜಾಡಿನಲ್ಲಿ ಅಚ್ಚುಕಟ್ಟಾಗಿ ದಾಖಲಾಗಿರುತ್ತಿದ್ದವು.

ಈ ಲೇಖನ ಓದುವವರಲ್ಲಿ ಲೆಕ್ಕ ವಿಭಾಗದಲ್ಲಿ ಕೂತವರು ಇರಬಹುದು. ‘ಒಂದು ಜೆವಿ ಹಾಕಿಬಿಡಮ್ಮ, ಆಮೇಲೆ ನೋಡೋಣ’ ಎಂದು ಮೇಲಿನವರು ಹೇಳಿದಾಗ ಕಾರಣವನ್ನು ಬರಹದಲ್ಲಿ ಕೇಳಿ, ಬಿಲ್ಲನ್ನು ವೋಚರಿಗೆ ಜೋಡಿಸಿ, ಅದಿಲ್ಲದೆ ಗುಂಡಿ ಒತ್ತಬೇಡಿ. ವರ್ಲ್ಡ್‌ಕಾಮ್‌ನಲ್ಲಿ ಮೇಲಿನವರ ಮಾತಿಗೆ ನಮೂದು ಹಾಕಿದ ಬೆಟ್ಟಿ ವಿನ್ಸನ್ ಮಧ್ಯಮ ಹಂತದ ಲೆಕ್ಕಾಧಿಕಾರಿ. ಅವರಿಗೆ ಐದು ತಿಂಗಳ ಜೈಲು ಶಿಕ್ಷೆಯಾಯಿತು.