ಉದ್ಯೋಗದ ನಡುವೆ ಎಂಟು ವಾರಗಳ ಸಿದ್ಧತೆ

ಉಮರಗಾ, ನಿಲಂಗಾ, ಉದಗೀರ ಪರಿಸರದಲ್ಲಿ ಹಗಲೆಲ್ಲ ಬೇರೊಂದು ಕೆಲಸದಲ್ಲಿದ್ದು, ಸಾಫ್ಟ್‌ವೇರ್ ಇಂಜಿನಿಯರ್ ಹುದ್ದೆಯ ಸಂದರ್ಶನಕ್ಕೆ ಅಣಿಯಾಗಬಯಸುವ ಹಳೆಯ ವಿದ್ಯಾರ್ಥಿಗಳಿಗಾಗಿ ಈ ಬರಹ. ಪೈಥಾನ್ ಅಥವಾ ಜಾವಾದಂಥ ಒಂದು ಭಾಷೆ ಈಗಾಗಲೇ ಕೈಗೆ ಹತ್ತಿರಬೇಕು. ಇಲ್ಲವಾದರೆ ಎಂಟು ವಾರ ಸಾಲದು.

ವಾರದ ಐದು ದಿನ ಒಂದೂವರೆ ಗಂಟೆ, ಭಾನುವಾರ ನಾಲ್ಕು ಗಂಟೆ ಎಂದು ಹಿಡಿದರೆ ಒಟ್ಟು 92 ಗಂಟೆಗಳು ದೊರೆಯುತ್ತವೆ. ಮದುವೆ, ಜಾತ್ರೆ, ಜ್ವರಗಳಿಗೆ 12 ಗಂಟೆ ಕಳೆದು, 80 ಗಂಟೆಗಳಿಗೆ ಮಾತ್ರ ಯೋಜನೆ ಹಾಕುವುದು ಲೇಸು. ದಣಿದ ರಾತ್ರಿಗಿಂತ ಮುಂಜಾವು ಉತ್ತಮವೆಂಬುದು ನನ್ನ ಅಭಿಪ್ರಾಯ. ಮೊದಲ ಮೂರು ವಾರ ಅರೇ, ಸ್ಟ್ರಿಂಗ್, ಡಿಕ್ಷನರಿಗಳಿಗೆ, ಮುಂದಿನ ಎರಡು ವಾರ ಸ್ಟ್ಯಾಕ್, ಟ್ರೀ, ರಿಕರ್ಷನ್‌ಗಳಿಗೆ, ಆರನೆಯದು ಡೇಟಾಬೇಸ್‌ಗೆ. ಉಳಿದೆರಡು ವಾರ ಹೊಸದೇನನ್ನೂ ಓದದೆ ಅಣಕು ಸಂದರ್ಶನಕ್ಕೆ ಮೀಸಲು.

ಉತ್ತರವನ್ನು ಓದಿ ಅರ್ಥವಾದೊಡನೆ ಬಂತೆಂದು ಭಾವಿಸುವುದರಿಂದಲೇ ಹೆಚ್ಚಿನ ಸಮಯ ವ್ಯರ್ಥವಾಗುತ್ತದೆ. ಒಂದು ಲೆಕ್ಕವನ್ನು ನೋಡೋಣ: 4, 11, 7, 2 ಎಂಬ ಸಂಖ್ಯೆಗಳಲ್ಲಿ ಕೂಡಿದರೆ 9 ಆಗುವ ಜೋಡಿ ಯಾವುದು? ಪ್ರತಿ ಜೋಡಿಯನ್ನೂ ಕೂಡಿ ನೋಡುವುದು ಸುಲಭ. ಆದರೆ 10,000 ಸಂಖ್ಯೆಗಳಿದ್ದರೆ ಸುಮಾರು ಐದು ಕೋಟಿ ಜೋಡಿಗಳಾಗುತ್ತವೆ. ಕಂಡ ಸಂಖ್ಯೆಗಳನ್ನು ಡಿಕ್ಷನರಿಯಲ್ಲಿ ಬರೆದಿಡುತ್ತ ಹೋದರೆ ಒಂದೇ ಸುತ್ತು ಸಾಕು.

```python
def find_pair(nums, target):
    seen = {}
    for i, x in enumerate(nums):
        if target - x in seen:
            return seen[target - x], i
        seen[x] = i
```

2 ಬಂದಾಗ ಬೇಕಾದ 7 ಆಗಲೇ ದಾಖಲಾಗಿರುತ್ತದೆ. 2 ಮತ್ತು 3ನೆಯ ಸ್ಥಾನಗಳು ಉತ್ತರವಾಗಿ ದೊರೆಯುತ್ತವೆ (ಎಣಿಕೆ ಸೊನ್ನೆಯಿಂದ). ಮೊದಲು ಹುಡುಕಿ, ಆಮೇಲೆ ದಾಖಲಿಸಬೇಕೆಂಬ ಕ್ರಮದಲ್ಲಿಯೇ ಇದರ ಮರ್ಮವಿದೆ. ಕ್ರಮ ತಿರುವಿದರೆ, ಮೊತ್ತ 8 ಬೇಕಾದಾಗ ಒಂಟಿಯಾದ 4 ತನ್ನನ್ನೇ ಜೊತೆಗಾರನೆಂದು ಎಣಿಸಿಬಿಡುತ್ತದೆ.

ಈ ಸೂಕ್ಷ್ಮ ಓದುವಾಗ ಕಣ್ಣಿಗೆ ಬೀಳದು, ಬರೆಯುವಾಗ ಬೀಳುತ್ತದೆ. ಆದ್ದರಿಂದ ಇದನ್ನೇ ಮರುದಿನ, ಮೂರು ದಿನದ ಬಳಿಕ, ವಾರದ ಬಳಿಕ ಖಾಲಿ ಹಾಳೆಯ ಮೇಲೆ ಬರೆಯಬೇಕು. ಇಪ್ಪತ್ತು ನಿಮಿಷಗಳಲ್ಲಿ ಮುಗಿಯದಿದ್ದರೆ ಅದು ಇನ್ನೂ ಬಂದಿಲ್ಲ. ಹೀಗೆ ಮರಳಿ ಬರೆದ ನಲವತ್ತು ಲೆಕ್ಕಗಳು, ಒಮ್ಮೆ ನೋಡಿಬಿಟ್ಟ ಇನ್ನೂರಕ್ಕಿಂತ ಮೇಲು.

ಗಡಿಭಾಗದವರಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ; ಸಂದರ್ಶನವಾದರೋ ಬಹುಪಾಲು ಇಂಗ್ಲಿಷಿನಲ್ಲಿ. ಅಲ್ಲಿ ಕೋಡ್ ಬರೆಯುತ್ತಲೇ ಯೋಚನೆಯನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಕೊನೆಯ ಎರಡು ವಾರಗಳಲ್ಲಿ ಗೆಳೆಯನೊಬ್ಬನನ್ನು ಎದುರು ಕೂರಿಸಿಕೊಂಡು, ಒಂದೇ ಲೆಕ್ಕವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ವಿವರಿಸಿರಿ. ಕನ್ನಡದಲ್ಲಿಯೂ ತಡವರಿಸಿದರೆ ಕೊರತೆ ವಿಷಯದ್ದು. ಆ ಲೆಕ್ಕವನ್ನು ಮತ್ತೆ ಹಾಳೆಗೆ ಒಯ್ಯಬೇಕು. ಇಂಗ್ಲಿಷಿನಲ್ಲಿ ಮಾತ್ರ ತಡವರಿಸಿದರೆ, ಆ ವಿವರಣೆಯನ್ನೇ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಕೇಳಿ, ಮತ್ತೊಮ್ಮೆ ಹೇಳಿದರಾಯಿತು.