ತರಗತಿಯಲ್ಲಿ ಎಡಗಡೆ ಖಾಲಿ ಇರಲಿ

ಬಿ.ಎ. ತರಗತಿಯಲ್ಲಿ ಸಮಾಜಶಾಸ್ತ್ರದ ಪಾಠ ನಡೆಯುತ್ತಿದೆ ಎಂದುಕೊಳ್ಳಿ. ವಿಷಯ: ಎಂ.ಎನ್. ಶ್ರೀನಿವಾಸರ ‘ಪ್ರಬಲ ಜಾತಿ’. ಮೇಷ್ಟ್ರು ಮೈಸೂರು ಸೀಮೆಯ ರಾಂಪುರದ ಕಥೆ ಹೇಳುತ್ತಿದ್ದರೆ, ವಿದ್ಯಾರ್ಥಿನಿಯೊಬ್ಬಳು ಹಾಳೆಯ ಬಲಭಾಗದಲ್ಲಷ್ಟೇ ಬರೆದುಕೊಳ್ಳುತ್ತಿದ್ದಾಳೆ. ಎಡಗಡೆಯ ಪಟ್ಟಿ, ಅಡಿಯ ಚೌಕ ಎರಡೂ ಖಾಲಿ.

ಇದು ಕಾರ್ನೆಲ್ ಟಿಪ್ಪಣಿ ಪದ್ಧತಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದ್ದು. 1962ರಲ್ಲಿ ಮೊದಲು ಬಂದ ‘ಹೌ ಟು ಸ್ಟಡಿ ಇನ್ ಕಾಲೇಜ್’ ಪುಸ್ತಕ ಇದನ್ನು ಪ್ರಸಿದ್ಧಗೊಳಿಸಿತು. ಎ4 ಹಾಳೆಯಾದರೆ ಎಡ ಅಂಚಿನಿಂದ ಸುಮಾರು 6 ಸೆಂ.ಮೀ. ಬಿಟ್ಟು ಉದ್ದಕ್ಕೊಂದು ಗೆರೆ, ತಳದಿಂದ 5 ಸೆಂ.ಮೀ. ಮೇಲೆ ಅಡ್ಡಕ್ಕೊಂದು ಗೆರೆ. ಅಷ್ಟೇ ಸಿದ್ಧತೆ.

ಬಲಗಡೆ ಪೂರ್ತಿ ವಾಕ್ಯ ಬೇಕಿಲ್ಲ. ‘ಪ್ರ.ಜಾ. = ಜನಸಂಖ್ಯೆ + ಜಮೀನು + ರಾಜಕೀಯ ಬಲ; ಜಾತಿ ಶ್ರೇಣಿಯಲ್ಲಿ ತೀರ ಕೆಳಗಿಲ್ಲದಿದ್ದರೆ ಅನುಕೂಲ’ ಎಂಬುದು ಒಂದು ಸಾಲು. ‘ರಾಂಪುರ: ಒಕ್ಕಲಿಗರು, ಬೇರೆ ಜಾತಿಗಳ ವ್ಯಾಜ್ಯವೂ ಇವರ ಹಿರಿಯರ ಬಳಿಗೆ’ ಎಂಬುದು ಇನ್ನೊಂದು. ಎರಡರ ನಡುವೆ ಒಂದು ಸಾಲು ಬಿಟ್ಟರೆ, ತಪ್ಪಿಹೋದದ್ದನ್ನು ಆಮೇಲೆ ತುಂಬಬಹುದು.

ಎಡಪಟ್ಟಿಯ ಕೆಲಸ ಪಾಠ ಮುಗಿದ ಮೇಲೆ, ನೆನಪು ಹಸಿಯಾಗಿರುವಾಗಲೇ, ಆದಷ್ಟು ಅದೇ ದಿನ ಸಂಜೆ. ಹೆಚ್ಚಿನವರು ಎಡವುವುದು ಇಲ್ಲೇ. ‘ಪ್ರಬಲ ಜಾತಿ’, ‘ರಾಂಪುರ’ ಎಂದು ತಲೆಬರಹಗಳನ್ನು ಬರೆದು ಸುಮ್ಮನಾಗುತ್ತಾರೆ. ತಲೆಬರಹ ಏನನ್ನೂ ಕೇಳುವುದಿಲ್ಲ. ‘ಶ್ರೇಣಿಯಲ್ಲಿ ಮೇಲಿದ್ದವರು ಬ್ರಾಹ್ಮಣರು, ಊರಲ್ಲಿ ಮಾತು ನಡೆಯುತ್ತಿದ್ದದ್ದು ಒಕ್ಕಲಿಗರದು. ಏಕೆ?’ ಎಂದು ಬರೆದರೆ ಉತ್ತರ ಹುಡುಕಲೇಬೇಕಾಗುತ್ತದೆ.

ಸುಳಿವು ಸರಿಯಾಗಿದೆಯೇ ಎಂದು ತಿಳಿಯಲು ಬಲಭಾಗವನ್ನು ಇನ್ನೊಂದು ಹಾಳೆಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಬೇಕು. ‘ಹೌದು’, ‘ಇಲ್ಲ’ ಎಂಬಲ್ಲಿಗೆ ಉತ್ತರ ಮುಗಿದರೆ ಪ್ರಶ್ನೆಯನ್ನು ತಿದ್ದಬೇಕು. ಮೂರು ಅಂಶಗಳಲ್ಲಿ ಜಮೀನು ಮರೆತುಹೋದರೆ, ಓದಬೇಕಾದದ್ದು ಆ ಒಂದು ಸಾಲನ್ನು, ಇಡೀ ಪುಟವನ್ನಲ್ಲ.

ಕೊನೆಗೆ ಅಡಿಯ ಚೌಕ. ಬಲಗಡೆಯದನ್ನೇ ನಕಲು ಮಾಡುವ ಜಾಗ ಅದಲ್ಲ. ಪುಟದ ಅಂಶಗಳನ್ನು ಎರಡು ಮೂರು ಸ್ವಂತ ವಾಕ್ಯಗಳಲ್ಲಿ ಹೊಸೆಯಬೇಕು. ಆಕೆ ಬರೆದದ್ದು ಹೀಗೆ: ‘ಆಚಾರದಲ್ಲಿ ಮೇಲಿದ್ದ ಮಾತ್ರಕ್ಕೆ ಊರಿನ ಮೇಲೆ ಹಿಡಿತ ಬರುವುದಿಲ್ಲ. ಜನ, ಜಮೀನು, ರಾಜಕೀಯ ಬಲ ಒಂದೇ ಜಾತಿಯ ಕೈಯಲ್ಲಿ ಸೇರಿದಾಗ ಬರುತ್ತದೆ.’ ಪುಸ್ತಕ ನೋಡದೆ ಇಷ್ಟು ಬರೆಯಲಾಗದಿದ್ದರೆ ಪಾಠ ಇನ್ನೂ ಬಿಡಿಬಿಡಿಯಾಗಿಯೇ ಇದೆ ಎಂದರ್ಥ.

ಈ ಪದ್ಧತಿ ಎಲ್ಲಕ್ಕೂ ಒಗ್ಗುವುದಿಲ್ಲ. ಜನಗಣತಿಯ ಅಗಲವಾದ ಕೋಷ್ಟಕಕ್ಕೋ ವಂಶಾವಳಿಯ ಚಿತ್ರಕ್ಕೋ ಬಲಗಡೆಯ ಜಾಗ ಇಕ್ಕಟ್ಟು. ಅವಕ್ಕೆ ಬೇರೆ ಹಾಳೆಯೇ ಸರಿ.

ಮುಂದಿನ ವಾರದ ಪಾಠ ಸಂಸ್ಕೃತೀಕರಣ. ಆಕೆ ಹಳೆಯ ಪುಟ ತೆರೆದು, ಎಡಪಟ್ಟಿಯಲ್ಲಿ ಉಳಿದಿದ್ದ ಜಾಗಕ್ಕೆ ಹೊಸ ಪ್ರಶ್ನೆ ಸೇರಿಸುತ್ತಾಳೆ: ‘ಕೆಳಗಿನ ಜಾತಿಗಳು ಅನುಕರಿಸುವುದು ಬ್ರಾಹ್ಮಣರನ್ನೋ, ಊರಿನ ಪ್ರಬಲ ಜಾತಿಯನ್ನೋ?’