ತಾಮ್ರ ಉಳಿಯಿತು, ಗೋಡೆ ಹೋಯಿತು

ಬಿಜೂರಿನ ನಮ್ಮ ಮನೆ ಕರೆಂಟ್ ಲೈನಿನ ಕೊನೆಯಲ್ಲಿದೆ. ಸಂಜೆಯಾದರೆ ವೋಲ್ಟೇಜ್ 184ಕ್ಕೆ ಇಳಿಯುತ್ತದೆ. ಅದನ್ನು 230ಕ್ಕೆ ಏರಿಸುವುದು ಫ್ರಿಜ್ ಪಕ್ಕದ ಸ್ಟೆಬಿಲೈಸರ್. ಒಳಗೆ ಟ್ರಾನ್ಸ್‌ಫಾರ್ಮರ್ ಇದೆ, ಹಾಗಾಗಿ ಅದರ ನ್ಯೂಟ್ರಲ್ ಮುಟ್ಟಿದರೆ ಶಾಕ್ ಹೊಡೆಯದು ಎಂದುಕೊಂಡು ಒಂದು ದಿನ ಕೈ ಹಾಕಲು ಹೊರಟೆ. ಮಾವ ಟೆಸ್ಟರ್ ಇಟ್ಟರು. ನ್ಯೂಟ್ರಲ್‌ನಲ್ಲೇ ದೀಪ ಹೊತ್ತಿತು!

"ಇದ್ರಲ್ಲಿ ಸುರುಳಿ ಒಂದೇ ಮಾರಾಯಾ" ಎಂದರು ಮಾವ. ಇದೇ ಆಟೊಟ್ರಾನ್ಸ್‌ಫಾರ್ಮರ್.

ಲೋಡ್ 10 ಆಂಪಿಯರ್ ಎನ್ನಿ. 230 ವೋಲ್ಟ್‌ನಲ್ಲಿ ಅದು 2300 ವಿ.ಎ. ಎರಡು ಸುರುಳಿಯ ಟ್ರಾನ್ಸ್‌ಫಾರ್ಮರ್ ಅಷ್ಟನ್ನೂ ಕಬ್ಬಿಣದ ಮೂಲಕ ದಾಟಿಸಬೇಕು. ಇಲ್ಲಿ 184 ವೋಲ್ಟ್ ಲೈನಿನಿಂದ ನೇರ ಬರುತ್ತದೆ. ಉಳಿದ 46 ವೋಲ್ಟ್ ಮಾತ್ರ ಹುಟ್ಟಬೇಕು. ಅಂದರೆ 460 ವಿ.ಎ., ಐದನೇ ಒಂದು ಭಾಗ. ತಾಮ್ರ, ಕಬ್ಬಿಣ, ತೂಕ ಎಲ್ಲವೂ ಅದಕ್ಕೆ ತಕ್ಕಂತೆ ಇಳಿಯುತ್ತವೆ.

ಆದರೆ ಒಳಬರುವ, ಹೊರಹೋಗುವ ತಂತಿಗಳ ನಡುವೆ ಗೋಡೆಯಿಲ್ಲ. ನ್ಯೂಟ್ರಲ್ ಎರಡಕ್ಕೂ ಒಂದೇ. ನಮ್ಮ ಸಾಕೆಟ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದವು, ಆ ತಪ್ಪು ಹಾಗೇ ಹೊರಗೂ ಬಂದಿತ್ತು.

ಇನ್ನೊಂದು ತೊಂದರೆ ಶಾರ್ಟ್ ಸರ್ಕ್ಯೂಟ್. ಎರಡು ಸುರುಳಿಯಾಗಿ ಬಳಸಿದಾಗ ಶೇ. 5 ಇಂಪೀಡೆನ್ಸ್ ಇರುವ ಟ್ರಾನ್ಸ್‌ಫಾರ್ಮರನ್ನೇ ಹೀಗೆ ಜೋಡಿಸಿದರೆ, 2300 ವಿ.ಎ. ಲೆಕ್ಕದಲ್ಲಿ ಅದು ಶೇ. 1 ಮಾತ್ರ. ಕರೆಂಟನ್ನು ತಡೆಯುವ ಶಕ್ತಿ ಅಷ್ಟು ಕಡಿಮೆ. ನಮ್ಮ ಉದ್ದದ ಲೈನೇ ಸ್ವಲ್ಪ ತಡೆಯುತ್ತದೆ. ಸಬ್‌ಸ್ಟೇಷನ್ ಹತ್ತಿರವಾದರೆ ಆ ಆಸರೆಯೂ ಇಲ್ಲ, ಬ್ರೇಕರ್ ಗಟ್ಟಿಯಾಗಿರಬೇಕು.

ಮಾವ ಸಾಕೆಟ್ ಸರಿಮಾಡಿ, ಅರ್ಥಿಂಗ್ ನೋಡಿದರು. ನಾನು ಈಗ ಮೊದಲು ಟೆಸ್ಟರ್ ಇಡುತ್ತೇನೆ.